ಊರು ಬಿಡುವ ಬ್ಯಾಂಕ್ ಗುಮಾಸ್ತರು ಬರೆಯಬೇಕಾದ ಅರ್ಧ ಪುಟದ ರಾಜೀನಾಮೆ ಪತ್ರ

ದಾವಣಗೆರೆಯ ಪಟ್ಟಣ ಸಹಕಾರಿ ಬ್ಯಾಂಕೊಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಹಲವು ವರ್ಷ ಸೇವಾ ಪುಸ್ತಕಗಳನ್ನು ನೋಡಿಕೊಂಡವನು. ಆ ಅವಧಿಯಲ್ಲಿ ನನ್ನ ಮೇಜಿಗೆ ಬಂದ ರಾಜೀನಾಮೆ ಪತ್ರಗಳಲ್ಲಿ ಎರಡು ಪುಟದವೂ ಇದ್ದವು, ಮೂರು ಪುಟದವೂ ಇದ್ದವು. ಆದರೆ ನೌಕರರು ಯಾವ ದಿನಾಂಕದ ಯಾವ ಹೊತ್ತಿನವರೆಗೆ ಕೆಲಸದಲ್ಲಿರುತ್ತಾರೆ ಎಂಬ, ನಮಗೆ ಎಲ್ಲಕ್ಕಿಂತ ಮೊದಲು ಬೇಕಾಗುತ್ತಿದ್ದ ಸಂಗತಿ ಮಾತ್ರ ಎಷ್ಟೋ ಪತ್ರಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಪತ್ರ ಸೌಜನ್ಯದಿಂದಲೂ ಚಿಕ್ಕದಾಗಿಯೂ ಇರಬೇಕಾದರೆ ಮೊದಲು ಈ ದಿನಾಂಕ ಗಟ್ಟಿಯಾಗಬೇಕು. ಉಳಿದ ಸಾಲುಗಳೆಲ್ಲ ಅದರ ಸುತ್ತ ತಾವಾಗಿಯೇ ಕೂಡುತ್ತವೆ.

ವಿವರಣೆಗೆ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ದಾವಣಗೆರೆಯ ಮಂಡಿಪೇಟೆಯಲ್ಲಿರುವ ಒಂದು ಸಹಕಾರಿ ಬ್ಯಾಂಕ್ ಶಾಖೆಯಲ್ಲಿ ಆರು ವರ್ಷಗಳಿಂದ ಗುಮಾಸ್ತೆಯಾಗಿರುವ ಒಬ್ಬರು ಇದ್ದಾರೆ ಎಂದುಕೊಳ್ಳಿ. ಪತಿಗೆ ಮೈಸೂರಿಗೆ ವರ್ಗವಾಗಿದೆ, ಬ್ಯಾಂಕಿಗೆ ಮೈಸೂರಿನಲ್ಲಿ ಶಾಖೆಯಿಲ್ಲ, ಆದ್ದರಿಂದ ವರ್ಗಾವಣೆ ಕೇಳುವ ಅವಕಾಶವೂ ಇಲ್ಲ. ಅವರು 2026ರ ಜೂನ್ 3ರಂದು ಪತ್ರ ಕೊಡಲು ಬಯಸುತ್ತಾರೆ.

ದಿನಾಂಕವನ್ನು ನಿಗದಿಪಡಿಸುವುದು

ಪೆನ್ನು ಹಿಡಿಯುವ ಮೊದಲು ನೇಮಕಾತಿ ಆದೇಶವನ್ನು ತೆಗೆದು, ಅದರಲ್ಲಿ ರಾಜೀನಾಮೆಗೆ ಎಷ್ಟು ದಿನಗಳ ಮುಂಗಡ ಸೂಚನೆ ಕೊಡಬೇಕೆಂದು ಬರೆದಿದೆ ಎಂಬುದನ್ನು ನೋಡಿಕೊಳ್ಳಿ. ಖಾಯಂ ಆದ ಗುಮಾಸ್ತರಿಗೆ ಇದು ಸಾಮಾನ್ಯವಾಗಿ ಒಂದು ತಿಂಗಳು, ಅಧಿಕಾರಿಗಳಿಗೆ ಮೂರು ತಿಂಗಳು. ಸಹಕಾರಿ ಬ್ಯಾಂಕುಗಳಲ್ಲಿ ಆಯಾ ಬ್ಯಾಂಕಿನ ಸೇವಾ ನಿಯಮಾವಳಿಯೇ ಆಧಾರವಾದುದರಿಂದ ಅವಧಿ ಬೇರೆ ಇರಬಹುದು. ಪಕ್ಕದ ಬ್ಯಾಂಕಿನ ಸ್ನೇಹಿತರು ಹೇಳಿದ ಅವಧಿಯನ್ನು ನಂಬಬೇಡಿ.

ನಮ್ಮ ಗುಮಾಸ್ತೆ ತಮ್ಮ ಮೊದಲ ಕರಡಿನಲ್ಲಿ ‘ಜೂನ್ ತಿಂಗಳ ಕೊನೆಯವರೆಗೆ ಕೆಲಸ ಮಾಡುತ್ತೇನೆ’ ಎಂದು ಬರೆದಿದ್ದರು. ಜೂನ್ 3ರಿಂದ 30ರವರೆಗೆ ಎರಡೂ ದಿನಗಳನ್ನು ಸೇರಿಸಿ ಎಣಿಸಿದರೂ 28 ದಿನಗಳಷ್ಟೇ ಆಗುತ್ತವೆ. ಒಂದು ತಿಂಗಳ ಸೂಚನೆಗೆ ಇದು ಸಾಲದು, ಮತ್ತು ಕೊರತೆಯಾದ ದಿನಗಳ ವೇತನವನ್ನು ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳಲು ಬ್ಯಾಂಕಿಗೆ ಅವಕಾಶವಾಗುತ್ತದೆ. ಸರಿಯಾಗಿ ಒಂದು ತಿಂಗಳೆಂದು ಜುಲೈ 3ನ್ನು ಬರೆದರೂ ಒಂದು ಅಪಾಯ ಉಳಿಯುತ್ತದೆ, ಏಕೆಂದರೆ ಸೂಚನೆಯ ಅವಧಿಯನ್ನು ಎಣಿಸುವುದು ಪತ್ರದ ಮೇಲೆ ನಾವು ಬರೆದ ದಿನಾಂಕದಿಂದಲ್ಲ, ಅದು ಬ್ಯಾಂಕಿನ ಕೈಸೇರಿದ ದಿನಾಂಕದಿಂದ. ಶಾಖಾ ವ್ಯವಸ್ಥಾಪಕರು ಅಂದು ರಜೆಯಲ್ಲಿದ್ದು ಪತ್ರ ಮರುದಿನ ಆವಕ ವಹಿಗೆ ಏರಿದರೆ ಒಂದು ದಿನ ಕಡಿಮೆಯಾಯಿತು. ಆದ್ದರಿಂದ ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಂಡು, ಅವರು ಜುಲೈ 6, ಸೋಮವಾರವನ್ನು ಆರಿಸಿಕೊಂಡರೆ ಸರಿಹೋಗುತ್ತದೆ. ಜೂನ್ 30ರ ತ್ರೈಮಾಸಿಕ ಲೆಕ್ಕ ಮುಗಿಯುವವರೆಗೆ ಅವರು ಕೌಂಟರಿನಲ್ಲಿ ಇರುವುದರಿಂದ ಶಾಖೆಗೂ ಅನುಕೂಲ. ನನ್ನ ಮಟ್ಟಿಗೆ, ಪತ್ರದಲ್ಲಿ ಬರೆಯುವ ಯಾವ ಕೃತಜ್ಞತೆಯ ಮಾತಿಗಿಂತಲೂ ಹೀಗೆ ಹೊತ್ತು ನೋಡಿ ದಿನಾಂಕವನ್ನು ಆರಿಸುವುದು ದೊಡ್ಡ ಸೌಜನ್ಯ.

ದಿನಾಂಕದ ಜೊತೆಗೆ ‘ಅಪರಾಹ್ನ’ ಎಂಬ ಪದವನ್ನು ಸೇರಿಸಿ. ಕಚೇರಿಯ ಕನ್ನಡದಲ್ಲಿ 6ರ ಅಪರಾಹ್ನ ಎಂದರೆ ಆ ದಿನದ ಕೆಲಸವನ್ನು ಮುಗಿಸಿ ಬಿಡುಗಡೆ ಹೊಂದುವುದು ಎಂದೂ, ಆ ದಿನದ ವೇತನ ಸಲ್ಲುತ್ತದೆ ಎಂದೂ ಅರ್ಥ. 6ರ ಪೂರ್ವಾಹ್ನ ಎಂದರೆ 5ನೆಯ ತಾರೀಖಿಗೇ ಸೇವೆ ಮುಗಿದಂತೆ. ಎರಡನ್ನೂ ಬಿಟ್ಟು ಬರಿಯ ದಿನಾಂಕವನ್ನು ಬರೆದರೆ ಮುಂದೆ ಸೇವಾ ಪುಸ್ತಕದಲ್ಲಿ ಒಂದು ತಾರೀಖು, ವೇತನ ಪಟ್ಟಿಯಲ್ಲಿ ಇನ್ನೊಂದು ತಾರೀಖು ಬರುವ ಸಾಧ್ಯತೆಯಿದೆ.

ಸೇವೆ ಐದು ವರ್ಷದ ಹತ್ತಿರದಲ್ಲಿದ್ದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ರಾಜೀನಾಮೆ ಕೊಡುವ ಖಾಯಂ ನೌಕರರಿಗೆ ಗ್ರಾಚುಟಿ ಸಿಗಲು ಐದು ವರ್ಷಗಳ ನಿರಂತರ ಸೇವೆ ಬೇಕು. ಕೆಲವೇ ವಾರಗಳು ಕಡಿಮೆಯಿದ್ದರೆ ಮನೆ ಸಾಗಿಸುವ ದಿನವನ್ನು ಮುಂದೂಡಿಯಾದರೂ ಆ ಅವಧಿಯನ್ನು ಪೂರೈಸುವುದು ಒಳ್ಳೆಯದು. ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ 2010ಕ್ಕಿಂತ ಹಿಂದೆ ಸೇರಿ ಹಳೆಯ ಪಿಂಚಣಿ ಯೋಜನೆಯಲ್ಲಿರುವವರಂತೂ ‘ರಾಜೀನಾಮೆ’ ಎಂಬ ಪದವನ್ನು ಬರೆಯುವ ಮೊದಲೇ ನಿಲ್ಲಬೇಕು. 1995ರ ಪಿಂಚಣಿ ನಿಯಮಗಳಲ್ಲಿ ರಾಜೀನಾಮೆಯಿಂದ ಹಿಂದಿನ ಸೇವೆಯೆಲ್ಲ ಪಿಂಚಣಿಗೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಇಪ್ಪತ್ತು ವರ್ಷ ಸೇವೆ ಮುಗಿದವರು ಕೊಡಬೇಕಾದದ್ದು ಸ್ವಯಂ ನಿವೃತ್ತಿಯ ಅರ್ಜಿ. ಅದರ ಸೂಚನಾ ಅವಧಿಯೂ ಬೇರೆ, ಒಕ್ಕಣೆಯೂ ಬೇರೆ.

ಯಾರಿಗೆ, ಯಾರ ಮೂಲಕ

ದಿನವೂ ಕಣ್ಣೆದುರಿಗೆ ಇರುವವರು ಶಾಖಾ ವ್ಯವಸ್ಥಾಪಕರಾದುದರಿಂದ ಪತ್ರವನ್ನು ಅವರ ಹೆಸರಿಗೇ ಬರೆದುಬಿಡುವುದು ಸಹಜ. ಆದರೆ ರಾಜೀನಾಮೆಯನ್ನು ಅಂಗೀಕರಿಸುವ ಅಧಿಕಾರ ನೇಮಕಾತಿ ಪ್ರಾಧಿಕಾರಕ್ಕೆ ಇರುತ್ತದೆ. ನೇಮಕಾತಿ ಆದೇಶಕ್ಕೆ ಯಾವ ಹುದ್ದೆಯವರು ಸಹಿ ಮಾಡಿದ್ದಾರೋ ಆ ಹುದ್ದೆಯ ವಿಳಾಸಕ್ಕೆ ಪತ್ರವನ್ನು ಬರೆದು, ‘ಮೂಲಕ’ ಎಂದು ಶಾಖಾ ವ್ಯವಸ್ಥಾಪಕರನ್ನು ನಮೂದಿಸಿದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ಪತ್ರ ಸಾಗಬೇಕಾದ ದಾರಿಯಲ್ಲೇ ಸಾಗುತ್ತದೆ. ವ್ಯಕ್ತಿಯ ಹೆಸರನ್ನು ಬರೆಯಬೇಡಿ, ಹುದ್ದೆಯನ್ನು ಮಾತ್ರ ಬರೆಯಿರಿ; ನಡುವೆ ಆ ಅಧಿಕಾರಿ ಬದಲಾದರೂ ಪತ್ರ ಕೆಡುವುದಿಲ್ಲ.

ಸಹಕಾರಿ ಬ್ಯಾಂಕುಗಳಲ್ಲಿ ರಾಜೀನಾಮೆ ಬಹುಮಟ್ಟಿಗೆ ಆಡಳಿತ ಮಂಡಳಿಯ ಸಭೆಯ ಮುಂದೆ ಹೋಗುತ್ತದೆ. ಕಾರ್ಯಸೂಚಿ ಸಿದ್ಧವಾದ ಮೇಲೆ ಬಂದ ಪತ್ರ ಮುಂದಿನ ಸಭೆಯವರೆಗೆ ಕಡತದಲ್ಲಿಯೇ ಕುಳಿತಿರುತ್ತದೆ. ಆದ್ದರಿಂದ ಪತ್ರ ಕೊಡುವ ಮುನ್ನ ಪ್ರಧಾನ ಕಚೇರಿಯವರನ್ನು ‘ಈ ತಿಂಗಳ ಸಭೆ ಯಾವತ್ತು ಸಾರ್, ವಿಷಯಪಟ್ಟಿಗೆ ಯಾವತ್ತಿನೊಳಗೆ ಕೊಡಬೇಕು?’ ಎಂದು ಬಾಯಿಮಾತಿನಲ್ಲೇ ವಿಚಾರಿಸಿಕೊಳ್ಳಿ. ಇದರಿಂದ ಒಂದು ತಿಂಗಳ ಕಾಯುವಿಕೆ ತಪ್ಪುತ್ತದೆ.

ಹುದ್ದೆಯ ಹೆಸರನ್ನು ನಿಮ್ಮ ದಾಖಲೆಯಲ್ಲಿ ಇರುವಂತೆಯೇ ಬರೆಯಬೇಕು. ಆದೇಶದಲ್ಲಿ ‘ಕಿರಿಯ ಸಹಾಯಕರು’ ಎಂದಿದ್ದರೆ ಹಾಗೆಯೇ, ‘ನಗದು ಗುಮಾಸ್ತರು’ ಎಂದಿದ್ದರೆ ಹಾಗೆಯೇ. ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ 2024ರ ವೇತನ ಒಪ್ಪಂದದ ನಂತರ ಗುಮಾಸ್ತರನ್ನು ಕಸ್ಟಮರ್ ಸರ್ವೀಸ್ ಅಸೋಸಿಯೇಟ್ ಎಂದು ಕರೆಯುತ್ತಾರೆ. ಅಲ್ಲಿನವರು ಆ ಹೆಸರನ್ನೇ ಕನ್ನಡ ಅಕ್ಷರಗಳಲ್ಲಿ ಬರೆಯಬಹುದು. ಅಂತಹ ಬ್ಯಾಂಕುಗಳಲ್ಲಿ ಕಡತ ರಾಜ್ಯದ ಹೊರಗಿನ ಕಚೇರಿಗೂ ಹೋಗಬಹುದಾದುದರಿಂದ ಕನ್ನಡ ಪತ್ರದ ಜೊತೆಗೆ ಅದೇ ಒಕ್ಕಣೆಯ ಇಂಗ್ಲಿಷ್ ಪ್ರತಿಯೊಂದನ್ನು ಲಗತ್ತಿಸುವುದು ವಿವೇಕ.

ಮುಖ್ಯ ವಾಕ್ಯ

ಪತ್ರದ ಜೀವವಿರುವುದು ಒಂದೇ ವಾಕ್ಯದಲ್ಲಿ. ಅದರ ಕ್ರಿಯಾಪದ ಸಡಿಲವಾದರೆ ಪತ್ರವೇ ಸಡಿಲವಾಗುತ್ತದೆ. ‘ರಾಜೀನಾಮೆ ನೀಡಲು ಇಚ್ಛಿಸುತ್ತೇನೆ’ ಎಂದು ಬರೆದವರು ಇಚ್ಛೆಯನ್ನು ತಿಳಿಸಿದ್ದಾರೆ, ರಾಜೀನಾಮೆಯನ್ನು ಕೊಟ್ಟಿಲ್ಲ. ‘ರಾಜೀನಾಮೆ ನೀಡಲು ಅನುಮತಿ ಕೋರಿ’ ಎಂದು ವಿಷಯದ ಸಾಲಿನಲ್ಲಿ ಬರೆದವರು ಅನುಮತಿ ಬಂದ ಮೇಲೆ ಇನ್ನೊಂದು ಪತ್ರ ಕೊಡುತ್ತಾರೆಂದು ಅರ್ಥವಾಗುತ್ತದೆ. ನಾನು ಸಿಬ್ಬಂದಿ ವಿಭಾಗದಲ್ಲಿದ್ದಾಗ ಇಂತಹ ಪತ್ರವೊಂದನ್ನು ಮೇಲಿನವರು ‘ಸ್ಪಷ್ಟೀಕರಣ ಪಡೆಯುವುದು’ ಎಂಬ ಷರಾ ಬರೆದು ಹಿಂದಿರುಗಿಸಿದ್ದರು. ಅಷ್ಟರಲ್ಲಿ ಆ ನೌಕರರು ಹುಬ್ಬಳ್ಳಿಯಲ್ಲಿ ಮನೆ ಬಾಡಿಗೆಗೆ ಹಿಡಿದು ಮುಂಗಡವನ್ನೂ ಕೊಟ್ಟಾಗಿತ್ತು. ಅವರ ಮುಖ ನನಗೆ ಇಂದಿಗೂ ನೆನಪಿದೆ. ಬೇಕಾಗಿದ್ದದ್ದು ‘ರಾಜೀನಾಮೆ ಸಲ್ಲಿಸುತ್ತಿದ್ದೇನೆ’ ಎಂಬ ಎರಡೇ ಪದಗಳು.

ಇನ್ನೊಂದು ತಪ್ಪು, ಷರತ್ತನ್ನು ಸೇರಿಸುವುದು. ‘ವರ್ಗಾವಣೆ ಸಾಧ್ಯವಾಗದಿದ್ದಲ್ಲಿ ಇದನ್ನೇ ರಾಜೀನಾಮೆ ಎಂದು ಪರಿಗಣಿಸಬೇಕು’ ಎಂಬ ವಾಕ್ಯ ವಿನಯದಂತೆ ಕಂಡರೂ, ಓದಿದವರಿಗೆ ಯಾವುದನ್ನು ತೀರ್ಮಾನಿಸಬೇಕೆಂದು ತಿಳಿಯುವುದಿಲ್ಲ. ವರ್ಗಾವಣೆ ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ ಕೊಟ್ಟು, ಉತ್ತರ ಬಂದ ಮೇಲೆ ರಾಜೀನಾಮೆಯನ್ನು ಬರೆಯಬೇಕು.

ನಮ್ಮ ಶಾಲೆಗಳಲ್ಲಿ ಕಲಿಸಿದ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಆರಂಭದ ಬಗ್ಗೆಯೂ ಒಂದು ಮಾತು. ಈ ಒಕ್ಕಣೆ ತಪ್ಪಲ್ಲ. ಆದರೆ ಹೀಗೆ ಶುರುವಾದ ವಾಕ್ಯ ಮದುವೆ, ಮಕ್ಕಳ ಶಾಲೆ, ಅತ್ತೆಯವರ ಆರೋಗ್ಯ ಎಲ್ಲವನ್ನೂ ಹೊತ್ತುಕೊಂಡು ಹತ್ತು ಸಾಲು ಹರಿದು, ಕೊನೆಗೆ ಯಾವ ವಿನಂತಿಯನ್ನೂ ಮಾಡದೆ ನಿಂತುಬಿಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ರಾಜೀನಾಮೆ ಪತ್ರ ಅದಿಲ್ಲದೆಯೇ ನೇರವಾಗಿ ‘ನಾನು’ ಎಂದು ಶುರುವಾಗುವುದು ಉತ್ತಮ. ಅದರಲ್ಲಿ ಅವಿನಯ ಏನೂ ಇಲ್ಲ. ವಿನಯವನ್ನು ‘ತಾವು’, ‘ತಮ್ಮಲ್ಲಿ’, ‘ಕೋರುತ್ತೇನೆ’ ಎಂಬ ಪದಗಳು ನೋಡಿಕೊಳ್ಳುತ್ತವೆ. ಒಮ್ಮೆ ‘ತಾವು’ ಎಂದು ಆರಂಭಿಸಿದ ಮೇಲೆ ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಬೇಕು, ನಡುವೆ ‘ನೀವು’ ನುಸುಳಬಾರದು.

ಕಾರಣ ಎಷ್ಟು ಬೇಕು

ಒಂದು ಪದಪುಂಜದಷ್ಟು. ‘ಕುಟುಂಬವು ಮೈಸೂರಿನಲ್ಲಿ ನೆಲೆಸಲಿರುವುದರಿಂದ’ ಎಂದರೆ ಎಲ್ಲವನ್ನೂ ಹೇಳಿದಂತಾಯಿತು. ಊರಿನ ಹೆಸರು ಇದ್ದರೆ ಕಾರಣ ನಂಬುವಂತಿರುತ್ತದೆ. ‘ಅನಿವಾರ್ಯ ಕಾರಣಗಳಿಂದ’ ಎಂದು ಮಾತ್ರ ಬರೆದರೆ ಶಾಖೆಯಲ್ಲಿ ಏನೋ ನಡೆದಿರಬೇಕೆಂದು ಓದುವವರಿಗೆ ಅನುಮಾನ ಬರುತ್ತದೆ, ಮತ್ತು ಆ ಅನುಮಾನ ಸಹೋದ್ಯೋಗಿಗಳ ಮೇಲೆ ಬೀಳುತ್ತದೆ. ಬಡ್ತಿ ಸಿಗಲಿಲ್ಲ, ಕೆಲಸದ ಹೊರೆ ಹೆಚ್ಚಾಗಿತ್ತು ಎಂಬ ದೂರುಗಳು ನಿಜವೇ ಆಗಿದ್ದರೂ ಅವುಗಳಿಗೆ ಬೇರೆ ಪತ್ರವಿದೆ, ಬೇರೆ ಹೊತ್ತಿದೆ. ಈ ಪತ್ರ ಸೇವಾ ಕಡತದಲ್ಲಿ ಉಳಿಯುವ ಕಾಗದ. ಮುಂದೊಂದು ದಿನ ಮೈಸೂರಿನ ಯಾವುದೋ ಸಂಸ್ಥೆ ನಿಮ್ಮ ಬಗ್ಗೆ ವಿಚಾರಿಸಿದಾಗ ಕಡತವನ್ನು ತೆರೆಯುವವರು ಮೊದಲು ಓದುವುದು ಇದನ್ನೇ.

ಕೃತಜ್ಞತೆಯ ಸಾಲಿಗೂ ಇದೇ ಅಳತೆ. ‘ತಮ್ಮ ಅಮೂಲ್ಯ ಮಾರ್ಗದರ್ಶನ, ಪ್ರೋತ್ಸಾಹ ಮತ್ತು ಸಹಕಾರ’ ಎಂಬ ಮೂರು ಪದಗಳ ಸರ ಎಲ್ಲ ಪತ್ರಗಳಲ್ಲೂ ಇರುತ್ತದೆ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮಗೆ ನಿಜವಾಗಿ ನೆನಪಿರುವ ಒಂದು ಸಂಗತಿಯನ್ನು ಬರೆಯಿರಿ. ನಮ್ಮ ಗುಮಾಸ್ತೆಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಂಡಿಯ ವರ್ತಕರು ಸಂಜೆ ತಂದು ಸುರಿಯುತ್ತಿದ್ದ ನೋಟಿನ ಕಟ್ಟುಗಳನ್ನು ತಪ್ಪಿಲ್ಲದೆ ಎಣಿಸಿ ಲೆಕ್ಕ ಕೂಡಿಸುವುದನ್ನು ಹಿರಿಯ ಸಹೋದ್ಯೋಗಿಗಳು ಪಕ್ಕದಲ್ಲಿ ನಿಂತು ಕಲಿಸಿದ್ದರು. ಅದನ್ನೇ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಪೂರ್ಣ ಪತ್ರ

ಇಷ್ಟನ್ನೂ ಕೂಡಿಸಿದಾಗ ಪತ್ರ ಹೀಗೆ ಆಗುತ್ತದೆ.

ಇವರಿಂದ,
(ಹೆಸರು)
ಗುಮಾಸ್ತರು, ನೌಕರರ ಸಂಖ್ಯೆ ______
ಮಂಡಿಪೇಟೆ ಶಾಖೆ, ದಾವಣಗೆರೆ

ಇವರಿಗೆ,
ಪ್ರಧಾನ ವ್ಯವಸ್ಥಾಪಕರು
(ಬ್ಯಾಂಕಿನ ಹೆಸರು)
ಪ್ರಧಾನ ಕಚೇರಿ, ದಾವಣಗೆರೆ

ಮೂಲಕ: ವ್ಯವಸ್ಥಾಪಕರು, ಮಂಡಿಪೇಟೆ ಶಾಖೆ

ಮಾನ್ಯರೇ,

ವಿಷಯ: ಗುಮಾಸ್ತರ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿರುವ ಬಗ್ಗೆ.

ನಾನು ಕಳೆದ ಆರು ವರ್ಷಗಳಿಂದ ನಮ್ಮ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇವೆ ಸಲ್ಲಿಸುತ್ತಿದ್ದೇನೆ. ನನ್ನ ಕುಟುಂಬವು ಮೈಸೂರಿನಲ್ಲಿ ನೆಲೆಸಲಿರುವುದರಿಂದ ಈ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಸೇವಾ ನಿಯಮದಂತೆ ಒಂದು ತಿಂಗಳ ಮುಂಗಡ ಸೂಚನೆಯಾಗಿ ಈ ಪತ್ರವನ್ನು ಸ್ವೀಕರಿಸಿ, ನನ್ನ ರಾಜೀನಾಮೆಯನ್ನು ಅಂಗೀಕರಿಸಿ, ದಿನಾಂಕ 06-07-2026ರ ಅಪರಾಹ್ನ ನನ್ನನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ನನ್ನ ವಶದಲ್ಲಿರುವ ವಹಿಗಳು, ಬೀಗದ ಕೈಗಳು ಮತ್ತು ಬಾಕಿ ಕೆಲಸಗಳನ್ನು ವ್ಯವಸ್ಥಾಪಕರು ಸೂಚಿಸುವವರಿಗೆ ಅದಕ್ಕೆ ಮೊದಲೇ ವಹಿಸಿಕೊಡುತ್ತೇನೆ.

ನಗದು ವಿಭಾಗದ ಕೆಲಸವನ್ನು ನನಗೆ ತಾಳ್ಮೆಯಿಂದ ಕಲಿಸಿಕೊಟ್ಟ ಹಿರಿಯ ಸಹೋದ್ಯೋಗಿಗಳನ್ನೂ, ಸೇವೆಗೆ ಅವಕಾಶ ನೀಡಿದ ಬ್ಯಾಂಕನ್ನೂ ಕೃತಜ್ಞತೆಯಿಂದ ನೆನೆಯುತ್ತೇನೆ.

ವಂದನೆಗಳೊಂದಿಗೆ,

ಸ್ಥಳ: ದಾವಣಗೆರೆ
ದಿನಾಂಕ: 03-06-2026

ಇಂತಿ ತಮ್ಮ ವಿಶ್ವಾಸಿ,
(ಸಹಿ)
(ಹೆಸರು)

ಇದರಲ್ಲಿ ‘ತಮ್ಮ ಬ್ಯಾಂಕಿನಲ್ಲಿ’ ಎನ್ನದೆ ‘ನಮ್ಮ ಬ್ಯಾಂಕಿನಲ್ಲಿ’ ಎಂದು ಬರೆದಿರುವುದನ್ನು ಗಮನಿಸಿ. ಪತ್ರ ಕೊಡುವ ದಿನ ಅವರು ಇನ್ನೂ ಬ್ಯಾಂಕಿನವರೇ. ‘ವಿಧೇಯ ಸೇವಕ’ ಎಂಬ ಹಳೆಯ ಮುಕ್ತಾಯದ ಅಗತ್ಯವಿಲ್ಲ, ‘ವಿಶ್ವಾಸಿ’ ಎಂಬುದು ಗಂಡಸರಿಗೂ ಹೆಂಗಸರಿಗೂ ಒಪ್ಪುತ್ತದೆ. ಗ್ರಾಚುಟಿ, ಭವಿಷ್ಯ ನಿಧಿ, ಭದ್ರತಾ ಠೇವಣಿ ಯಾವುದನ್ನೂ ಇಲ್ಲಿ ಕೇಳಿಲ್ಲ. ಅವುಗಳಿಗೆ ಅದರದರ ನಮೂನೆಗಳಿವೆ, ಮತ್ತು ಹಣದ ಮಾತು ಸೇರಿದ ಕೂಡಲೇ ಈ ಪತ್ರ ಸಂಬಂಧಪಟ್ಟ ಲೆಕ್ಕಪತ್ರ ವಿಭಾಗಗಳನ್ನೆಲ್ಲ ಸುತ್ತಿ ಬರಬೇಕಾಗುತ್ತದೆ.

ಕೊಡುವ ದಿನ ಮತ್ತು ಅನಂತರ

ಎರಡು ಪ್ರತಿಗಳನ್ನು ತೆಗೆದುಕೊಂಡು ಹೋಗಿ. ಕೌಂಟರಿನ ಗದ್ದಲ ಇಳಿದ ಮೇಲೆ ವ್ಯವಸ್ಥಾಪಕರ ಕೋಣೆಗೆ ಹೋಗಿ, ಮೊದಲು ಬಾಯಿಮಾತಿನಲ್ಲಿ ತಿಳಿಸಿ, ಆಮೇಲೆ ಪತ್ರವನ್ನು ಕೈಗೆ ಕೊಡಿ. ವಿಷಯವನ್ನು ಅವರು ಆವಕ ವಹಿಯಿಂದ ತಿಳಿಯುವಂತಾಗಬಾರದು. ಎರಡನೆಯ ಪ್ರತಿಯ ಮೇಲೆ ಸಹಿ, ಶಾಖೆಯ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆಯನ್ನು ಹಾಕಿಸಿಕೊಳ್ಳಿ. ‘ಇಟ್ಟು ಹೋಗಮ್ಮ, ನಾನು ನೋಡ್ತೀನಿ’ ಎಂದು ಅವರು ಪ್ರೀತಿಯಿಂದಲೇ ಹೇಳಿದರೂ, ‘ಸಾರ್, ನನ್ನ ಪ್ರತಿಗೆ ಒಂದು ಮೊಹರು ಹಾಕಿಕೊಡಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸ್ವೀಕರಿಸಲು ಹಿಂಜರಿದರೆ, ತಲುಪಿದ ರಸೀದಿ ಬರುವಂತೆ ಅಂಚೆಯಲ್ಲಿ ಪ್ರಧಾನ ಕಚೇರಿಗೆ ಕಳುಹಿಸಿ, ಆ ರಸೀದಿಯನ್ನು ಕಾಪಾಡಿಕೊಳ್ಳಿ.

ಪತ್ರ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅಂಗೀಕಾರದ ಆದೇಶ ಬರಬೇಕು. ಅದು ಬರುವ ಮುನ್ನ ಮನಸ್ಸು ಬದಲಾದರೆ ರಾಜೀನಾಮೆಯನ್ನು ಲಿಖಿತವಾಗಿ ಹಿಂಪಡೆಯಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಬಂದ ಮೇಲೆ ಅದು ಬಹಳ ಕಷ್ಟ. ಪತ್ರ ಹೋಗಿ ಹದಿನೈದು ದಿನಗಳಾದರೂ ಸುದ್ದಿಯಿಲ್ಲದಿದ್ದರೆ ಆವಕ ಸಂಖ್ಯೆಯನ್ನು ಹೇಳಿ ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ. ಉಳಿದ ಗಳಿಕೆ ರಜೆಯನ್ನು ಸೂಚನಾ ಅವಧಿಗೆ ಹೊಂದಿಸಿಕೊಳ್ಳಬಹುದೆಂದು ನಿಮ್ಮಷ್ಟಕ್ಕೆ ನೀವೇ ಭಾವಿಸಿ ಮನೆಯಲ್ಲಿ ಉಳಿಯಬೇಡಿ. ಮಂಜೂರಾಗದ ರಜೆ ಗೈರುಹಾಜರಿ ಆಗುತ್ತದೆ.

ಈ ಒಂದು ತಿಂಗಳಲ್ಲಿ ಸಹಕಾರಿ ಬ್ಯಾಂಕಿನವರು ಮರೆಯುವ ಸಂಗತಿಯೊಂದಿದೆ, ಅದು ಜಾಮೀನು. ನೌಕರರು ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತಿರುತ್ತಾರೆ. ನಿಮ್ಮ ಸ್ವಂತ ಸಾಲ ತೀರಿದ್ದರೂ, ಸಹೋದ್ಯೋಗಿಯ ಸಾಲಕ್ಕೆ ನೀವು ಹಾಕಿದ ಸಹಿ ಹಾಗೆಯೇ ಇದ್ದರೆ ಬೇಬಾಕಿ ಪ್ರಮಾಣಪತ್ರ ತಡೆಯಬಹುದು. ಬೇರೆ ಜಾಮೀನುದಾರರನ್ನು ಹುಡುಕಿಕೊಳ್ಳಲು ಅವರಿಗೂ ಸಮಯ ಬೇಕಾಗುವುದರಿಂದ ಪತ್ರ ಕೊಟ್ಟ ವಾರದಲ್ಲೇ ಅವರಿಗೆ ಹೇಳಿಬಿಡಿ. ಗೃಹಸಾಲ ಉಳಿದಿದ್ದರೆ, ಸೇವೆ ಬಿಟ್ಟ ಮೇಲೆ ನೌಕರರ ರಿಯಾಯಿತಿ ಬಡ್ಡಿ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ಹೊಸ ಕಂತು ಎಷ್ಟಾಗುತ್ತದೆಂದು ಬರಹದಲ್ಲಿ ಕೇಳಿಕೊಳ್ಳಿ.

ಬೀಗದ ಕೈಗಳನ್ನು ವಹಿಸಿಕೊಡುವಾಗ ಬಾಯಿಮಾತು ಸಾಲದು. ಕೀಲಿ ವಹಿಯಲ್ಲಿ ಕೊಟ್ಟವರ ಸಹಿ, ಪಡೆದವರ ಸಹಿ, ದಿನಾಂಕ ಮತ್ತು ವೇಳೆ ನಾಲ್ಕೂ ಇರಬೇಕು. ಗಣಕಯಂತ್ರದಲ್ಲಿನ ನಿಮ್ಮ ಬಳಕೆದಾರ ಖಾತೆಯನ್ನು ಕೊನೆಯ ದಿನ ಸಂಜೆಯೇ ನಿಷ್ಕ್ರಿಯಗೊಳಿಸುವಂತೆ ಕೇಳಿ, ಹಾಗೆ ಮಾಡಿದ್ದಕ್ಕೆ ಟಿಪ್ಪಣಿ ಪಡೆಯಿರಿ. ನೀವು ಮೈಸೂರಿನಲ್ಲಿರುವಾಗ ಮಂಡಿಪೇಟೆಯಲ್ಲಿ ನಿಮ್ಮ ಹೆಸರಿನಲ್ಲಿ ಒಂದು ನಮೂದೂ ಆಗಬಾರದು.

ಜುಲೈ 6ರ ಸಂಜೆ ಬಿಡುಗಡೆ ಆದೇಶ ಕೈಗೆ ಬಂದಾಗ ಅಲ್ಲಿಯೇ ನಿಂತು ಓದಿ. ಹೆಸರಿನ ಅಕ್ಷರಗಳು ನೇಮಕಾತಿ ಆದೇಶದಲ್ಲಿರುವಂತೆಯೇ ಇವೆಯೇ, ‘ರಾಜೀನಾಮೆಯ ಮೇರೆಗೆ’ ಎಂದಿದೆಯೇ, ದಿನಾಂಕದ ಮುಂದೆ ‘ಅಪರಾಹ್ನ’ ಇದೆಯೇ ಎಂದು ನೋಡಿ. ತಪ್ಪಿದ್ದರೆ ಅಂದೇ ತಿದ್ದಿಸಿಕೊಳ್ಳಿ. ಮೇಜಿನ ಎದುರು ಐದು ನಿಮಿಷದಲ್ಲಿ ಆಗುವ ತಿದ್ದುಪಡಿಗೆ ಮೈಸೂರಿನಿಂದ ಬಸ್ಸು ಹತ್ತಿ ಬರುವ ಪರಿಸ್ಥಿತಿ ಬರಬಾರದು.